ಪೇವರ್ ಕೆಡದ ಹಾಗೆ ಹಳೆ ಬೇಲಿ ಕಂಬ ಕೀಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಸುತ್ತಮುತ್ತ ಬೇಲಿ ಮತ್ತು ಪೇವರ್ ಕೆಲಸ ಮಾಡಿಸುತ್ತಾ ಹದಿನೈದು ವರ್ಷ ಆಯಿತು. ಹೊಸ ಕಂಬ ನಿಲ್ಲಿಸುವುದು ಹೇಗೆ ಅಂತ ಕೇಳುವವರು ಕಮ್ಮಿ. ಹಳೇ ಕಂಬ ಕೀಳುವುದು ಹೇಗೆ ಅಂತ ಕೇಳುವವರೇ ಜಾಸ್ತಿ. ಅದರಲ್ಲೂ ಕಾಂಕ್ರೀಟ್ ಹಾಕಿ ಹೂತ ಕಂಬ, ಪಕ್ಕದಲ್ಲೇ ದುಡ್ಡು ಸುರಿದು ಹಾಸಿದ ಪೇವರ್. ಫೋನಿನಲ್ಲಿ, ಕೆಲಸದ ಜಾಗದಲ್ಲಿ, ಮದುವೆ ಮನೆಯಲ್ಲಿ ಊಟದ ಎಲೆ ಮುಂದೆಯೂ ಕೇಳಿದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಕಂಬದ ಬುಡದಲ್ಲಿರುವ ಕಾಂಕ್ರೀಟ್ ಮುದ್ದೆಯನ್ನು ನಮ್ಮ ಕಡೆ ಗಡ್ಡೆ ಅನ್ನುತ್ತೇವೆ. ಇಲ್ಲೂ ಹಾಗೇ ಕರೆಯುತ್ತೇನೆ.

## ಗುದ್ದಲಿ ಹಿಡಿಯುವ ಮೊದಲು

"ಕಂಬ ಆಗಲೇ ಅಲ್ಲಾಡುತ್ತಿದೆ ಸಾರ್. ಇನ್ನೊಂದು ಸ್ವಲ್ಪ ಅಲ್ಲಾಡಿಸಿ ಕಿತ್ತರೆ ಆಗಲ್ವಾ?"

ಅಲ್ಲಾಡುತ್ತಿರುವುದು ಯಾವುದು ಅಂತ ಮೊದಲು ನೋಡಿ. ಒಬ್ಬರು ಕಂಬ ಹಿಡಿದು ಮೆಲ್ಲಗೆ ಆಚೀಚೆ ತಳ್ಳಲಿ, ಇನ್ನೊಬ್ಬರು ಕುಕ್ಕರಗಾಲಲ್ಲಿ ಕೂತು ಬುಡಕ್ಕೆ ಬೆರಳಿಡಲಿ. ಕಾಂಕ್ರೀಟ್ ನಿಂತೇ ಇದ್ದು ಕಂಬ ಮಾತ್ರ ಆಡುತ್ತಿದ್ದರೆ, ಮರ ಒಣಗಿ ಸಣ್ಣದಾಗಿದೆ ಅಥವಾ ಕಬ್ಬಿಣ ತುಕ್ಕು ಹಿಡಿದು ಸವೆದಿದೆ ಅಂತ ಅರ್ಥ. ಆಗ ಕೆಲಸ ಸುಲಭ.

ಕಂಬದ ಜೊತೆ ಗಡ್ಡೆಯೂ ಆಡುತ್ತಿದ್ದರೆ ತಕ್ಷಣ ಬಿಟ್ಟುಬಿಡಿ. ಗಡ್ಡೆಯ ತಲೆ ಆಚೆ ಹೋದಾಗ ಅದರ ಬುಡ ಈಚೆ, ಪೇವರ್ ಕಡೆಗೆ ಒದೆಯುತ್ತದೆ. ಪೇವರ್ ಕೆಳಗಿನ ಮರಳು ಮತ್ತು ಜಲ್ಲಿ ಪ್ರತಿ ಸಲವೂ ಚೂರು ಚೂರು ಜಾರಿ, ಗಡ್ಡೆ ಸರಿದು ಬಿಟ್ಟ ಸಂದಿಗೆ ಇಳಿಯುತ್ತದೆ. ಮೇಲಿಂದ ಏನೂ ಕಾಣುವುದಿಲ್ಲ. ಒಂದು ತಿಂಗಳ ನಂತರ ಸ್ಕೂಟರ್ ನಿಲ್ಲಿಸಿದ ಕಡೆ ಪೇವರ್ ತಗ್ಗಾಗಿರುತ್ತದೆ. "ಕೀಳುವಾಗ ಏನೂ ಆಗಿರಲಿಲ್ಲ ಕಣಪ್ಪ" ಅನ್ನುವವರಲ್ಲಿ ಮುಕ್ಕಾಲು ಪಾಲು ಜನ ಹೀಗೆ ಅಲ್ಲಾಡಿಸಿಯೇ ಕಿತ್ತವರು.

"ಮೇಲಿನ ಭಾಗ ಕತ್ತರಿಸಿಬಿಟ್ಟರೆ ಕೆಲಸಕ್ಕೆ ಜಾಗ ಸಿಗುತ್ತೆ. ಮೊದಲು ಅದನ್ನೇ ಮಾಡ್ಲಾ?"

ಬೇಡ. ಎಲ್ಲರೂ ಮಾಡುವ ಮೊದಲ ತಪ್ಪು ಇದೇ. ತಂತಿ, ಮೆಶ್ ಎಲ್ಲ ಬಿಚ್ಚಿ. ಕಂಬ ಮಾತ್ರ ಪೂರ್ತಿ ಉದ್ದ ಹಾಗೇ ಇರಲಿ. ಗಡ್ಡೆಯನ್ನು ಬಾಗಿಸುವುದಕ್ಕೆ ಅದಕ್ಕಿಂತ ಒಳ್ಳೆ ಹಿಡಿ ಇನ್ನೊಂದಿಲ್ಲ.

ಲೆಕ್ಕ ನೋಡಿ. ಒಂದು ಅಡಿ ಅಗಲ, ಒಂದೂಮುಕ್ಕಾಲು ಅಡಿ ಆಳದ ಗಡ್ಡೆ ಸುಮಾರು 120 ಕೆಜಿ ತೂಗುತ್ತದೆ. ಸುತ್ತ ಮಣ್ಣು ಬಿಡಿಸಿದ ಮೇಲೆ, ನೆಲದಿಂದ 5 ಅಡಿ ಎತ್ತರದಲ್ಲಿ ಕಂಬಕ್ಕೆ ಹಗ್ಗ ಕಟ್ಟಿ ಎಳೆದರೆ ಅದು ವಾಲಲು ಶುರುವಾಗುವುದಕ್ಕೆ 9 ಕೆಜಿಯಷ್ಟು ಎಳೆತ ಸಾಕು. ಕಂಬವನ್ನು ಒಂದು ಅಡಿಗೆ ಕತ್ತರಿಸಿದರೆ 22 ಕೆಜಿ ಬೇಕು. ನೆಲಮಟ್ಟಕ್ಕೆ ಕತ್ತರಿಸಿದರೆ 34 ಕೆಜಿ ಬೇಕು, ಮೇಲಾಗಿ ಹಗ್ಗ ಕಟ್ಟಲು ಜಾಗವೇ ಇರುವುದಿಲ್ಲ. ತಳದಲ್ಲಿ ಅಂಟಿಕೊಂಡ ಮಣ್ಣಿನ ಹಿಡಿತ ಈ ಲೆಕ್ಕಕ್ಕೆ ಸೇರಿಲ್ಲ. ನಿಜವಾಗಿ ಎಳೆಯುವಾಗ ಇದರ ಎರಡು ಮೂರು ಪಟ್ಟು ಬೇಕಾಗಬಹುದು.

"ಅಗೆಯದೇನೇ ಗಡ್ಡೆ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತಾ?"

ಸುಮಾರಾಗಿ ಗೊತ್ತಾಗುತ್ತದೆ. ಎರಡೂವರೆ ಅಡಿ ಉದ್ದದ 8 ಎಂಎಂ ಕಬ್ಬಿಣದ ಸರಳು ತೆಗೆದುಕೊಂಡು ತುದಿ ಚೂಪು ಮಾಡಿ. ಮಣ್ಣಿರುವ ಕಡೆ ಕಂಬದಿಂದ ಎರಡೆರಡು ಇಂಚು ದೂರ ಹೋಗುತ್ತಾ ಚುಚ್ಚಿ. ಟಕ್ ಅಂದು ನಿಂತರೆ ಕಾಂಕ್ರೀಟ್. ಸರ್ರನೆ ಇಳಿದರೆ ಅಲ್ಲಿಗೆ ಗಡ್ಡೆ ಮುಗಿಯಿತು. ಆ ಅಂಚಿನಲ್ಲಿ ಸರಳನ್ನು ಸ್ವಲ್ಪ ಓರೆಯಾಗಿ ಚುಚ್ಚಿದರೆ ಆಳದ ಅಂದಾಜೂ ಸಿಗುತ್ತದೆ. ಪೇವರ್ ಕಡೆ ಚುಚ್ಚಿ ನೋಡುವ ಅಗತ್ಯ ಇಲ್ಲ. ಮಣ್ಣಿನ ಕಡೆ ಎಷ್ಟಿದೆಯೋ ಅಲ್ಲೂ ಅಷ್ಟೇ ಇರುತ್ತದೆ ಅಂದುಕೊಳ್ಳಿ.

ತೂಕ ಲೆಕ್ಕ ಹಾಕಲು ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು: ಒಂದು ಘನ ಅಡಿ ಕಾಂಕ್ರೀಟ್ ಸುಮಾರು 68 ಕೆಜಿ. ಒಂದಡಿ ಚೌಕ, ಎರಡಡಿ ಆಳ ಅಂದರೆ 136 ಕೆಜಿ. ಇಬ್ಬರು ಕೈಯಲ್ಲಿ ಎತ್ತುವ ತೂಕ ಅದಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ಸೊಂಟ ಉಳಿಯುತ್ತದೆ.

"ಮಳೆ ಬಿದ್ದ ಮೇಲೆ ಮಾಡೋದು ಒಳ್ಳೆಯದಾ, ಬೇಸಿಗೆಯಲ್ಲಾ?"

ಮಣ್ಣಿನ ಮೇಲೆ ಹೋಗುತ್ತದೆ. ನಮ್ಮ ಕಡೆಯ ಕೆಂಪು ಮಣ್ಣು ಏಪ್ರಿಲ್‌ನಲ್ಲಿ ಇಟ್ಟಿಗೆ ಥರ ಆಗಿರುತ್ತದೆ. ಒಂದೆರಡು ಹದ ಮಳೆ ಬಿದ್ದ ಮೇಲೆ ಅಗೆದರೆ ಕೈಗೆ ಸುಖ. ಗದಗ, ಧಾರವಾಡದ ಕಡೆಯ ಎರೆ ಮಣ್ಣಿನದು ಉಲ್ಟಾ. ಅದು ಒಣಗಿದಾಗ ಕುಗ್ಗಿ, ಗಡ್ಡೆ ಸುತ್ತ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ. ಅಲ್ಲಿಯವರು ಬೇಸಿಗೆಯಲ್ಲೇ ಮಾಡಬೇಕು. ಮಳೆಯಲ್ಲಿ ಅದು ಉಬ್ಬಿ ಗಡ್ಡೆಯನ್ನು ಅಪ್ಪಿಕೊಳ್ಳುತ್ತದೆ.

ಒಣ ಕೆಂಪು ಮಣ್ಣಿಗೆ ಹಿಂದಿನ ರಾತ್ರಿ ನೀರು ಬಿಡಬಹುದು. ಆದರೆ ಪೈಪ್ ಹಚ್ಚಿಟ್ಟು ಮಲಗಬೇಡಿ. ಪೇವರ್ ಇಲ್ಲದ ಕಡೆ ಒಂದು ಸಣ್ಣ ಗುಂಡಿ ತೋಡಿ, ಎರಡು ಬಕೆಟ್ ನೀರು ಹಾಕಿದರೆ ಸಾಕು. ನೀರು ಜಾಸ್ತಿಯಾದರೆ ಪೇವರ್ ಕೆಳಗಿನ ಮರಳು ಅದರ ಜೊತೆ ಹರಿದುಬರುತ್ತದೆ.

"ಕೆಳಗೆ ವೈರ್, ಪೈಪ್ ಇದ್ದರೆ?"

ಇರುತ್ತದೆ ಅಂದುಕೊಂಡೇ ಅಗೆಯಿರಿ. ಗೇಟ್ ಲೈಟಿನ ವೈರು, ಗಿಡಕ್ಕೆ ಹೋದ ಪೈಪು, ನಗರಗಳಲ್ಲಿ ಈಗ ಅಡುಗೆ ಗ್ಯಾಸಿನ ಪೈಪು, ಎಲ್ಲವೂ ಬೇಲಿ ಸಾಲಿನಲ್ಲೇ ಹೋಗುತ್ತವೆ. ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ಮೊದಲ ಒಂದೂವರೆ ಅಡಿಯನ್ನು ಗುದ್ದಲಿಯಿಂದ ಮೆಲ್ಲಗೆ ಕೆರೆಯಿರಿ. ಹಾರೆ ಎತ್ತಿ ಕುಟ್ಟಬೇಡಿ. ಬೀದಿ ಕಡೆಯಿಂದ ಬರುವ ಕೇಬಲ್ ಮನೆಯ ಸ್ವಿಚ್ ಆಫ್ ಮಾಡಿದರೂ ಸಾಯುವುದಿಲ್ಲ, ಅದು ಗಮನದಲ್ಲಿರಲಿ.

"ಕಂಬ ಇರುವುದು ನಮ್ಮ ಜಾಗದ್ದೋ ಪಕ್ಕದವರದೋ ಗೊತ್ತಿಲ್ಲ..."

ಹಾಗಾದರೆ ಇವತ್ತು ಕೀಳಬೇಡಿ. ಕಾಂಕ್ರೀಟ್ ಗಡ್ಡೆಯ ಹತ್ತಿರ ಸರ್ವೆಯವರ ಬಾಂದು ಕಲ್ಲು ಇದ್ದರಂತೂ ಅದನ್ನು ಮುಟ್ಟಲೇಬೇಡಿ, ಕಿತ್ತರೆ ಕಾನೂನಿನ ಪ್ರಕಾರ ತಪ್ಪು. ಪಕ್ಕದವರನ್ನು ಕರೆದು ನಿಲ್ಲಿಸಿಕೊಂಡು, ಎರಡೂ ಕಡೆಯಿಂದ ಟೇಪ್ ಹಿಡಿದು ಫೋಟೊ ತೆಗೆದಿಟ್ಟುಕೊಂಡು ಆಮೇಲೆ ಶುರು ಮಾಡಿ.

## ಪೇವರ್ ಪಕ್ಕದ ಕಂಬ

"ಪೇವರ್ ಮುಟ್ಟದೆ ಕಿತ್ತುಕೊಡಿ ಅಂದೆ. ಮೇಸ್ತ್ರಿ ಎರಡು ಸಾಲು ಬಿಚ್ಚಲೇಬೇಕು ಅಂತಾರೆ. ದುಡ್ಡು ಕೀಳೋಕೆ ಹೇಳ್ತಿದ್ದಾರಾ?"

ಇಲ್ಲಕ್ಕಾ, ಮೇಸ್ತ್ರಿ ಹೇಳಿದ್ದು ಸರಿ. ಪೇವರ್ ಉಳಿಯಬೇಕಾದರೆ ಅದನ್ನು ನಾವಾಗಿಯೇ ಬಿಚ್ಚಿ ಪಕ್ಕಕ್ಕೆ ಇಡಬೇಕು. ಮರಳಿನ ಮೇಲೆ ಕೂರಿಸಿದ ಪೇವರ್‌ಗೆ ಗಾರೆ ಇರುವುದಿಲ್ಲ. ಬಿಚ್ಚಿ ಮತ್ತೆ ಕೂರಿಸಲಿ ಅಂತಲೇ ಅದನ್ನು ಹಾಗೆ ಮಾಡಿರುವುದು.

ಕಂಬದ ಗುಂಡಿಗೆ ಕಾಂಕ್ರೀಟ್ ಸುರಿದವರು ಅಂಚನ್ನು ಗೆರೆ ಎಳೆದಂತೆ ಸುರಿದಿರುವುದಿಲ್ಲ. ಮೇಲ್ಭಾಗ ಅಣಬೆಯ ಹಾಗೆ ಹರಡಿರುತ್ತದೆ. ಆ ಅಣಬೆಯ ಅಂಚು ಎರಡು ಮೂರು ಇಂಚು ಪೇವರ್ ಅಡಿಗೆ ಹೋಗಿರುತ್ತದೆ. ಹೊರಗಿಂದ ಕಾಣದು. ನೀವು ಗಡ್ಡೆ ಎತ್ತಿದಾಗ ಆ ಅಂಚು ಪೇವರ್ ಅನ್ನು ಕೆಳಗಿನಿಂದ ಎಬ್ಬಿಸುತ್ತದೆ. ಒಂದು ಪೇವರ್ ಎದ್ದರೆ ಪಕ್ಕದ್ದರ ಮೂಲೆ ಸಿಡಿಯುತ್ತದೆ.

ಎರಡು ಸಾಲು ಬಿಚ್ಚಿದರೆ ಗಡ್ಡೆಯ ಅಂಚು ಕಣ್ಣಿಗೆ ಬೀಳುತ್ತದೆ. ಹಳೇ ಡಿಸೈನು ಈಗ ಅಂಗಡಿಯಲ್ಲಿ ಸಿಗುವುದಿಲ್ಲ, ಸಿಕ್ಕರೂ ಬಣ್ಣ ಕೂಡುವುದಿಲ್ಲ. ಆದ್ದರಿಂದ ಒಂದು ಪೇವರ್ ಒಡೆದರೂ ನಷ್ಟವೇ. ಬಿಚ್ಚುವ ಮೊದಲು ಫೋಟೊ ತೆಗೆದು, ಪ್ರತಿಯೊಂದಕ್ಕೂ ಸೀಮೆಸುಣ್ಣದಲ್ಲಿ ನಂಬರ್ ಹಾಕಿ.

"ಮೊದಲನೇ ಪೇವರ್ರೇ ಮೇಲೆ ಬರ್ತಿಲ್ಲ. ಉಳಿ ಹಾಕಿ ಎಬ್ಬಿಸ್ಲಾ?"

ಉಳಿ ಹಾಕಿದರೆ ಅಂಚು ಸಿಪ್ಪೆಯ ಹಾಗೆ ಕಿತ್ತು ಬರುತ್ತದೆ. ಅಂಚಿನ ಸಾಲಿನಲ್ಲಿ, ಸುತ್ತ ಸಂದಿ ಚೆನ್ನಾಗಿ ಕಾಣುವ ಒಂದನ್ನು ಆರಿಸಿ. ಹಳೇ ಹ್ಯಾಕ್ಸಾ ಬ್ಲೇಡು ತೂರಿಸಿ ಸಂದಿಯ ಮರಳು, ಪಾಚಿ, ಹುಲ್ಲಿನ ಬೇರು ಎಲ್ಲ ಕೆರೆದು ತೆಗೆಯಿರಿ. ಆಮೇಲೆ ಎದುರುಬದುರು ಎರಡು ಸಂದಿಗೆ ಪೇಂಟರ್‌ಗಳು ಪುಟ್ಟಿ ಎಳೆಯುವ ತಗಡಿನ ಪಟ್ಟಿಯನ್ನು, ಅದು ಇಲ್ಲದಿದ್ದರೆ ಚಪ್ಪಟೆ ಸ್ಕ್ರೂಡ್ರೈವರನ್ನು ಇಳಿಸಿ. ಒಂದು ಕಡೆ ಒಂದು ಕೂದಲೆಳೆ ಎತ್ತಿ, ಇನ್ನೊಂದು ಕಡೆ ಒಂದು ಕೂದಲೆಳೆ ಎತ್ತಿ, ಹೀಗೇ ಮಾಡುತ್ತಾ ಹೋಗಿ. ಪೇವರ್ ತೂಗಾಡುತ್ತಾ ಮೇಲೆ ಬರುತ್ತದೆ. ಹತ್ತು ನಿಮಿಷ ಹಿಡಿಯಬಹುದು. ಎರಡನೆಯದು ಹತ್ತು ಸೆಕೆಂಡಿನಲ್ಲಿ ಬರುತ್ತದೆ.

"ಪೂರ್ತಿ ಕೆಲಸ ಮೊದಲಿಂದ ಕೊನೆವರೆಗೆ ಒಂದು ಸಲ ಹೇಳಿಬಿಡಿ ಅಣ್ಣ."

ನಮ್ಮ ಮನೆಯದನ್ನೇ ಹೇಳುತ್ತೇನೆ. ಮನೆ ಪಕ್ಕದ ಓಣಿಯಲ್ಲಿ ನಮ್ಮ ತಂದೆ ಹಾಕಿಸಿದ್ದ 40 ಎಂಎಂ ಆಂಗಲ್ ಕಂಬಗಳು. ನೆಲದ ಮೇಲೆ ಐದಡಿ. ಒಂದು ಕಡೆ 60 ಎಂಎಂ ಜಿಗ್‌ಜಾಗ್ ಪೇವರ್, ಇನ್ನೊಂದು ಕಡೆ ಕರಿಬೇವಿನ ಗಿಡದ ಮಣ್ಣು. ಕಂಬದಿಂದ ಪೇವರ್ ಅಂಚಿಗೆ ನಾಲ್ಕೇ ಇಂಚು. ಸರಳು ಚುಚ್ಚಿ ನೋಡಿದರೆ ಕಂಬದಿಂದ ಆರು ಇಂಚಿನವರೆಗೆ ಕಾಂಕ್ರೀಟ್. ಅಂದರೆ ಪೇವರ್ ಅಡಿಯಲ್ಲೂ ಎರಡು ಇಂಚು.

ಬೆಳಿಗ್ಗೆ ಎಂಟಕ್ಕೆ ನಾನು ಮತ್ತು ನನ್ನ ತಮ್ಮ ಶುರು ಮಾಡಿದೆವು. ಹದಿನಾಲ್ಕು ಪೇವರ್ ಬಿಚ್ಚಿ ನಂಬರ್ ಹಾಕಿ ಜೋಡಿಸಿಟ್ಟೆವು. ಉಳಿದ ಪೇವರ್‌ಗಳು ಈ ಖಾಲಿ ಜಾಗಕ್ಕೆ ಜಾರಬಾರದು. ಅದಕ್ಕೆ ಅಂಚಿಗೆ ಒಂದು ಹಲಗೆ ನಿಲ್ಲಿಸಿ ಎರಡು ಗೂಟ ಹೊಡೆದೆವು.

ಆಮೇಲೆ ಕರಿಬೇವಿನ ಕಡೆ ಮಾತ್ರ ಅಗೆದೆವು. ಒಂದೂವರೆ ಅಡಿ ಅಗಲ, ಗಡ್ಡೆಯ ತಳ ಕಾಣುವವರೆಗೆ ಆಳ, ಅದಕ್ಕೂ ಕೆಳಗೆ ಇನ್ನೊಂದು ಮೂರು ಇಂಚು. ಆ ಮೂರು ಇಂಚು ಯಾಕೆ ಅಂದರೆ, ಗಡ್ಡೆ ಬೀಳಲು ಜಾಗ ಇಲ್ಲದಿದ್ದರೆ ತಳದ ಅಂಚು ಮಣ್ಣಿಗೆ ತಾಗಿ ನಿಲ್ಲುತ್ತದೆ, ಹಿಂದಕ್ಕೆ ಒದೆಯುತ್ತದೆ. ಎಡಬಲ ಗಡ್ಡೆಯ ಮೈ ಕಾಣುವಷ್ಟು ಮಣ್ಣು ತೆಗೆದೆವು. ಪೇವರ್ ಕಡೆ ಅಗೆಯಲೇ ಇಲ್ಲ. ಅಲ್ಲಿ ಹಾರೆಯನ್ನು ಗಡ್ಡೆಯ ಮೈಗೆ ಒರಗಿಸಿ ನೆಟ್ಟಗೆ ಇಳಿಸಿ ಎತ್ತಿದೆವು, ಹಾಗೇ ಪಕ್ಕಕ್ಕೆ ಸರಿಯುತ್ತಾ ಏಳೆಂಟು ಸಲ. ಮಣ್ಣು ಮತ್ತು ಕಾಂಕ್ರೀಟ್ ನಡುವೆ ಚಾಕು ಆಡಿಸಿದ ಹಾಗೆ. ಇಡ್ಲಿ ಬಟ್ಟಲಿನ ಸುತ್ತ ಚಮಚ ಆಡಿಸುವುದಿಲ್ವಾ, ಅದೇ ಕೆಲಸ.

ಹತ್ತೂವರೆಗೆ ಕಂಬದ ತುದಿಗೆ ಹಗ್ಗ ಕಟ್ಟಿ, ಪೇವರ್‌ನಿಂದ ದೂರಕ್ಕೆ ಎಳೆದೆವು. ಆಂಗಲ್ ಬಾಗತೊಡಗಿತು, ಗಡ್ಡೆ ಮಾತ್ರ ಮಿಸುಕಲಿಲ್ಲ. ಇದು ಒಂದು ಸೂಚನೆ. ಕಂಬ ಬಾಗುತ್ತಿದೆ ಅಂದರೆ ಬಲ ಸಾಲದು ಅಂತ ಅಲ್ಲ, ಎಲ್ಲೋ ಮಣ್ಣು ಇನ್ನೂ ಹಿಡಿದಿದೆ ಅಂತ. ಎಳೆಯುವುದು ನಿಲ್ಲಿಸಿ ಕೆಳಗೆ ಇಣುಕಿದೆ. ಒಂದು ಪಕ್ಕದಲ್ಲಿ ಕಾಂಕ್ರೀಟ್ ಹೊಟ್ಟೆಯ ಹಾಗೆ ಉಬ್ಬಿಕೊಂಡು ಮಣ್ಣಿನೊಳಗೆ ಹೋಗಿತ್ತು. ಅದರ ಸುತ್ತ ಬಿಡಿಸಿ ಮತ್ತೆ ಎಳೆದಾಗ ಗಡ್ಡೆ ನಿಧಾನಕ್ಕೆ ವಾಲಿ ಗುಂಡಿಗೆ ಒರಗಿತು. ತಮ್ಮ ಒಬ್ಬನೇ ಎಳೆದಿದ್ದು.

ಗಡ್ಡೆಯನ್ನು ಗುಂಡಿಯಿಂದ ಮೇಲೆ ತರುವ ಗೋಜಿಗೆ ಹೋಗಲಿಲ್ಲ. ಅಲ್ಲೇ ಅದರ ನಡುವಿಗೆ ಒಂದು ಸೈಜ್ ಕಲ್ಲು ಕೊಟ್ಟು, ಎರಡೂ ತುದಿಯ ಕೆಳಗೆ ಟೊಳ್ಳು ಇರುವ ಹಾಗೆ ಮಾಡಿ, ದೊಡ್ಡ ಸುತ್ತಿಗೆಯಿಂದ ಹೊಡೆದೆವು. ಮೆತ್ತನೆ ಮಣ್ಣಿನ ಮೇಲೆ ಮಲಗಿದ ಕಾಂಕ್ರೀಟ್ ಎಷ್ಟು ಹೊಡೆದರೂ ಏಟನ್ನು ನುಂಗಿಕೊಳ್ಳುತ್ತದೆ. ಕೆಳಗೆ ಗಟ್ಟಿ ಆಸರೆ ಇದ್ದರೆ ಎಂಟು ಹತ್ತು ಏಟಿಗೆ ಎರಡಾಗುತ್ತದೆ. ಪೇವರ್ ಅಲ್ಲಿಂದ ಎರಡಡಿ ದೂರ, ನಡುವೆ ಖಾಲಿ ಗುಂಡಿ. ಏಟಿನ ಅದುರು ಅದನ್ನು ದಾಟಿ ಹೋಗುವುದು ಕಷ್ಟ. ಒಂದು ಗಂಟೆಗೆ ಊಟಕ್ಕೆ ಕೂತೆವು. ಮಧ್ಯಾಹ್ನವೆಲ್ಲ ಗುಂಡಿ ತುಂಬುವುದರಲ್ಲೇ ಹೋಯಿತು.

"ಉದ್ದ ದಿಮ್ಮಿ ಹಾಕಿ ಮೀಟಿದೆವು. ಕಂಬ ಬಂತು, ಆದರೆ ನಾಲ್ಕು ಪೇವರ್ ಕುಸಿದು ಕೂತವು. ಅಷ್ಟೊಂದು ಭಾರ ಎಲ್ಲಿಂದ ಬಂತು?"

ನಿಮ್ಮ ಕೈಯಿಂದಲೇ ಬಂತು. ಒಂಬತ್ತು ಅಡಿ ದಿಮ್ಮಿ, ಕಂಬದಿಂದ ಒಂದು ಅಡಿ ದೂರದಲ್ಲಿ ಕೆಳಗೆ ಕಲ್ಲು ಕೊಟ್ಟಿದ್ದೀರಿ ಅಂದುಕೊಳ್ಳಿ. ಆಚೆ ಕಡೆ ಎಂಟು ಅಡಿ. ತುದಿಯಲ್ಲಿ ಒಬ್ಬರು 60 ಕೆಜಿ ಭಾರ ಬಿಟ್ಟು ಜೋತುಬಿದ್ದರೆ ಕಂಬಕ್ಕೆ 480 ಕೆಜಿ ಎತ್ತುಬಲ ಸಿಗುತ್ತದೆ. ಇದು ಎಲ್ಲರಿಗೂ ಗೊತ್ತು. ನಡುವಿನ ಕಲ್ಲಿನ ಮೇಲೆ ಎರಡೂ ಸೇರಿ 540 ಕೆಜಿ ಬೀಳುತ್ತದೆ ಅನ್ನುವುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಅಂಗೈ ಅಗಲದ ಕಲ್ಲು, ಅರ್ಧ ಟನ್ ಭಾರ, ಕೆಳಗೆ ಮರಳಿನ ಮೇಲೆ ಕೂತ ಪೇವರ್.

ಮೀಟುಗಲ್ಲು ಯಾವಾಗಲೂ ಮಣ್ಣಿನ ಕಡೆ ಇರಲಿ. ಅದರ ಕೆಳಗೆ ಎರಡು ಇಂಚು ದಪ್ಪ, ಮೂರಡಿ ಉದ್ದದ ಹಲಗೆ ಹಾಕಿ. ಜಾಗವೇ ಇಲ್ಲದೆ ಪೇವರ್ ಮೇಲೇ ನಿಲ್ಲಿಸಬೇಕಾದರೆ, ಹಲಗೆ ಕನಿಷ್ಠ ಆರೆಂಟು ಪೇವರ್ ಮೇಲೆ ಹರಡಿರಬೇಕು ಮತ್ತು ಬಿಚ್ಚಿದ ಅಂಚಿನಿಂದ ಒಂದೂವರೆ ಅಡಿಯಾದರೂ ಒಳಗಿರಬೇಕು.

ನೇರವಾಗಿ ಮೇಲಕ್ಕೇ ಎತ್ತಬೇಕು ಅನ್ನುವ ಜಾಗದಲ್ಲಿ ನಾನು ಬೋರ್‌ವೆಲ್ ಪಂಪ್ ಎತ್ತುವವರನ್ನು ಕರೆಸುತ್ತೇನೆ. ಅವರ ಮೂರು ಕಾಲಿನ ಸ್ಟ್ಯಾಂಡು, ಚೈನ್ ಪುಲ್ಲಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮೂರೂ ಕಾಲಿನ ಕೆಳಗೆ ಹಲಗೆ ಹಾಕಿಸುವುದು ಮರೆಯಬೇಡಿ. ಆಂಗಲ್‌ಗೆ ಸರಪಳಿ ಸುತ್ತಿದರೆ ಜಾರುತ್ತದೆ, ಬುಡದಲ್ಲಿ ತೂತು ಹೊಡೆದು 12 ಎಂಎಂ ಬೋಲ್ಟ್ ಹಾಕಿ ಅದರ ಕೆಳಗೆ ಸರಪಳಿ ಕಟ್ಟಿ.

"ಟ್ರಾಕ್ಟರ್‌ಗೆ ಕಟ್ಟಿ ಒಂದೇ ಎಳೆತಕ್ಕೆ..."

ಹೊಲದಲ್ಲಿ ಆದರೆ ಎಳೆಯಿರಿ. ಪೇವರ್ ಪಕ್ಕದಲ್ಲಿ ಬೇಡ. ಅಡ್ಡ ಎಳೆದಾಗ ಗಡ್ಡೆ ಮಣ್ಣಿನೊಳಗೇ ತಿರುಗುತ್ತದೆ, ಅದರ ಬುಡ ಪೇವರ್ ಅಡಿಯ ಮಣ್ಣನ್ನು ಮೇಲಕ್ಕೆ ನೂಕುತ್ತದೆ. ಹಗ್ಗ ತುಂಡಾದರೆ ಅದು ಚಾಟಿಯ ಹಾಗೆ ಹಿಂದಕ್ಕೆ ಬರುತ್ತದೆ.

## ಮರದ ಕಂಬ, ಕಬ್ಬಿಣದ ಕಂಬ

"ಮರದ ಕಂಬ ನೆಲಮಟ್ಟಕ್ಕೆ ಮುರಿದುಹೋಯ್ತು. ಒಳಗಿನ ತುಂಡು ಹೇಗೆ ತೆಗೆಯೋದು?"

ಮರ ಕೊಳೆಯುವುದೇ ನೆಲಮಟ್ಟದಲ್ಲಿ, ಗಾಳಿಯೂ ನೀರೂ ಒಟ್ಟಿಗೆ ಸಿಗುವ ಕಡೆ. ಆಳದಲ್ಲಿರುವ ತುಂಡು ಎಷ್ಟೋ ಸಲ ಗಟ್ಟಿಯಾಗಿಯೇ ಇರುತ್ತದೆ. ಉಳಿಯಿಂದ ಚುಚ್ಚಿ ನೋಡಿ.

ಗಟ್ಟಿ ಇದ್ದರೆ ನಡುವೆ ತೂತು ಕೊರೆದು, ನಾಲ್ಕೈದು ಇಂಚು ಒಳಗೆ ಹೋಗುವ ದಪ್ಪ ಮರದ ಸ್ಕ್ರೂ, ಬೋಲ್ಟಿನಂಥ ತಲೆ ಇರುವುದು, ಸ್ಪ್ಯಾನರ್‌ನಿಂದ ತಿರುಗಿಸಿ ಇಳಿಸಿ. ತಲೆ ಎರಡು ಇಂಚು ಹೊರಗಿರಲಿ. ಅದಕ್ಕೆ ಸರಪಳಿ ಕಟ್ಟಿ ನೆಟ್ಟಗೆ ಮೇಲಕ್ಕೆ ಎತ್ತಿ. ಬೇಸಿಗೆಯಲ್ಲಿ ಮಾಡಿದರೆ ಮರ ಒಣಗಿ ಕುಗ್ಗಿರುತ್ತದೆ, ಹಲ್ಲು ಕಿತ್ತ ಹಾಗೆ ಬರುತ್ತದೆ. ಮಣ್ಣು ಮೆತ್ತಗಾಗಲಿ ಅಂತ ನೀರು ಹಾಕಿದರೆ ಈ ಸಂದರ್ಭದಲ್ಲಿ ಕೆಟ್ಟಿತು. ಮರ ಉಬ್ಬಿ ಕಾಂಕ್ರೀಟಿಗೆ ಕಚ್ಚಿಕೊಳ್ಳುತ್ತದೆ.

ಕೊಳೆತು ಪುಡಿಯಾಗಿದ್ದರೆ ಸ್ಕ್ರೂ ನಿಲ್ಲುವುದಿಲ್ಲ. ಮರಕ್ಕೆ ಹಾಕುವ ದಪ್ಪ ಬಿಟ್‌ನಿಂದ ಹತ್ತಾರು ತೂತು ಕೊರೆದು, ಉದ್ದ ಉಳಿಯಿಂದ ಸಿಗಿದು, ಹಳೇ ಸೌಟಿನಿಂದ ಬಾಚಿ ತೆಗೆಯಿರಿ. ಬೇಜಾರಿನ ಕೆಲಸ. ಆದರೆ ಗಡ್ಡೆ ಮಿಸುಕುವುದೇ ಇಲ್ಲ, ಪೇವರ್‌ಗೆ ಏನೂ ಆಗುವುದಿಲ್ಲ. ಅದೇ ಜಾಗದಲ್ಲಿ ಹೊಸ ಕಂಬ ಬೇಕಿದ್ದರೆ ಆ ತೂತನ್ನೇ ಬಳಸಬಹುದು.

"ಆಂಗಲ್ ಮಾತ್ರ ಎಳೆದುಕೊಂಡು ಕಾಂಕ್ರೀಟ್ ಹಾಗೇ ಬಿಡೋಕಾಗುತ್ತಾ?"

ಸಾಮಾನ್ಯವಾಗಿ ಆಗುವುದಿಲ್ಲ. ಆಂಗಲ್ ಕಂಬದ ಬುಡವನ್ನು ಮೀನಿನ ಬಾಲದ ಹಾಗೆ ಸೀಳಿ ಬಾಗಿಸಿರುತ್ತಾರೆ, ಅಥವಾ ಅಡ್ಡಕ್ಕೆ ಒಂದು ತುಂಡು ವೆಲ್ಡ್ ಮಾಡಿರುತ್ತಾರೆ. ಮೇಲಕ್ಕೆ ಬರಬಾರದು ಅಂತಲೇ ಮಾಡಿದ್ದು. ದುಂಡು ಪೈಪ್ ಆದರೆ ಒಂದು ಆಸೆ ಇದೆ. ಪೈಪ್ ವ್ರೆಂಚ್ ಹಾಕಿ ತಿರುಗಿಸಿ ನೋಡಿ. ಕಿರ್ ಅಂತ ಸ್ವಲ್ಪ ತಿರುಗಿದರೂ ಸಾಕು, ತಿರುಗಿಸುತ್ತಾ ಎತ್ತಿದರೆ ಬರುತ್ತದೆ. ತಿರುಗಲೇ ಇಲ್ಲ ಅಂದರೆ ಅದರ ಬುಡದಲ್ಲೂ ಅಡ್ಡ ಸರಳು ಇದೆ ಅಂತ ತಿಳಿಯಿರಿ.

ಗಡ್ಡೆಯ ಮೇಲ್ಮೈ ನೋಡುವುದನ್ನು ಮರೆಯಬೇಡಿ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ, ಆ ಒತ್ತಡಕ್ಕೆ ಕಾಂಕ್ರೀಟ್ ಒಳಗಿಂದಲೇ ಸೀಳುತ್ತದೆ. ಆಂಗಲ್ ಮೂಲೆಯಿಂದ ಅಂಚಿನವರೆಗೆ ಕಂದು ಬಣ್ಣದ ಕೂದಲು ಗೆರೆ ಕಂಡರೆ ನಿಮ್ಮ ಅರ್ಧ ಕೆಲಸವನ್ನು ತುಕ್ಕೇ ಮಾಡಿಟ್ಟಿದೆ. ಗುಂಡಿ ಅಗೆದ ಮೇಲೆ ಆ ಗೆರೆಗೆ ಉಳಿ ಇಟ್ಟು ಹೊಡೆಯಿರಿ.

ಜಿಐ ಪೈಪನ್ನು ಗ್ಯಾಸ್ ಕಟರ್‌ನಿಂದ ಕತ್ತರಿಸಿದರೆ ಸತುವಿನ ಬಿಳಿ ಹೊಗೆ ಬರುತ್ತದೆ. ಕುಡಿದರೆ ಆ ರಾತ್ರಿ ಚಳಿಜ್ವರ ಬಂದಂತಾಗುತ್ತದೆ. ಗ್ರೈಂಡರ್ ಸಾಕು. ಕಿಡಿ ಪೇವರ್ ಮೇಲೆ ಬೀಳದಂತೆ ಒದ್ದೆ ಗೋಣಿ ಹಾಸಿ, ಇಲ್ಲದಿದ್ದರೆ ಮೊದಲ ಮಳೆಗೆ ತುಕ್ಕಿನ ಚುಕ್ಕೆಗಳು ಎದ್ದು ಕಾಣುತ್ತವೆ.

## ತೊಡಕಿನ ಕೇಸುಗಳು

"ನಮ್ಮದು ಪೇವರ್ ಅಲ್ಲ, ಚಪ್ಪಡಿ ಕಲ್ಲು. ಸಿಮೆಂಟ್ ಗಾರೆ ಮೇಲೆ ಕೂರಿಸಿದ್ದಾರೆ, ಗಡ್ಡೆಗೇ ಅಂಟಿಕೊಂಡಿದೆ."

ಇದೇ ಕಷ್ಟದ್ದು. ಇಲ್ಲಿ ಬಿಚ್ಚುವ ಹಾಗಿಲ್ಲ, ಆದ್ದರಿಂದ ಬೇರೆ ಮಾಡಬೇಕು. ಚಪ್ಪಡಿಯೂ ಗಡ್ಡೆಯೂ ಒಂದೇ ತುಂಡಾಗಿ ಇರುವವರೆಗೆ ಗಡ್ಡೆಗೆ ಬಿದ್ದ ಪ್ರತಿ ಏಟು ಚಪ್ಪಡಿಗೂ ಹೋಗುತ್ತದೆ. ಅದು ಎಲ್ಲಿ ಬಿರಿಯುತ್ತದೆ ಅಂತ ಹೇಳಲಾಗದು, ಮೂರಡಿ ಆಚೆಯೂ ಬಿರಿಯಬಹುದು.

ಚಪ್ಪಡಿಯ ಅಂಚಿಗೆ ಸಮವಾಗಿ, ಗಡ್ಡೆಯ ಮೇಲೆ ಗೆರೆ ಎಳೆಯಿರಿ. ಕಲ್ಲು ಕತ್ತರಿಸುವ ಡೈಮಂಡ್ ಬ್ಲೇಡಿನಿಂದ ಆ ಗೆರೆ ಮೇಲೆ ಬ್ಲೇಡ್ ಹೋಗುವಷ್ಟು ಆಳಕ್ಕೆ ಕೊಯ್ಯಿರಿ. ಸಣ್ಣ ಮೆಷಿನ್ ಒಂದರಿಂದ ಒಂದೂವರೆ ಇಂಚು ಹೋಗುತ್ತದೆ, ಸಾಲದು. ಅದಕ್ಕೆ ಒಂದು ಇಂಚು ಬಿಟ್ಟು ಕಂಬದ ಕಡೆಗೆ ಇನ್ನೊಂದು ಗೆರೆ ಕೊಯ್ದು, ನಡುವಿನ ಪಟ್ಟಿಯನ್ನು ಉಳಿಯಿಂದ ಎಬ್ಬಿಸಿ. ಈಗ ಕಾಲುವೆ ಥರ ಆಯಿತಲ್ಲ, ಮೆಷಿನ್ನನ್ನು ಅದರೊಳಗೆ ಇಳಿಸಿ ಮತ್ತೆ ಕೊಯ್ಯಿರಿ. ಇಳಿಯದಿದ್ದರೆ ಕಾಲುವೆಯ ತಳದಲ್ಲಿ ಸಾಲಾಗಿ ಡ್ರಿಲ್ ತೂತು ಹಾಕಿ. ಒಟ್ಟಿನಲ್ಲಿ ಚಪ್ಪಡಿ, ಅದರ ಗಾರೆ ಎರಡರ ದಪ್ಪವನ್ನೂ ದಾಟಿ ಸೀಳು ಕೆಳಗಿಳಿಯಬೇಕು. ಉಳಿಯ ಮೊನೆ ಯಾವಾಗಲೂ ಕಂಬದ ಕಡೆ ಇರಲಿ, ಚಪ್ಪಡಿ ಕಡೆ ಬೇಡ. ನೀರು ಚಿಮುಕಿಸುತ್ತಾ ಕೊಯ್ಯಿರಿ, ಮಾಸ್ಕ್ ಹಾಕಿ. ಕಾಂಕ್ರೀಟಿನ ದೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ವೈರು, ಸ್ವಿಚ್ ಒದ್ದೆಯಾಗದಂತೆ ನೋಡಿಕೊಳ್ಳಿ.

ಗಡ್ಡೆ ಬೇರೆಯಾಯಿತೋ ಇಲ್ಲವೋ ಅಂತ ತಿಳಿಯಲು ಚಪ್ಪಡಿ ಮೇಲೆ ಅಂಗೈ ಇಟ್ಟು ಗಡ್ಡೆಗೆ ಮೆಲ್ಲಗೆ ಸುತ್ತಿಗೆ ತಟ್ಟಿಸಿ. ಅಂಗೈಗೆ ಝುಮ್ ಅಂದರೆ ಇನ್ನೂ ಎಲ್ಲೋ ಅಂಟಿದೆ.

"ಬ್ರೇಕರ್ ಮೆಷಿನ್ ಬಾಡಿಗೆಗೆ ತರಲಾ? ಅದುರಿಗೆ ಕಲ್ಲು ಬಿರಿದರೆ ಅಂತ ಭಯ."

ಭಯ ಸರಿಯಾದದ್ದೇ. ಚಪ್ಪಡಿ ಹತ್ತಿರ ನಾನು ಬ್ರೇಕರ್ ಬಳಸುವುದಿಲ್ಲ. ನಮ್ಮ ಕಲ್ಲು ಕ್ವಾರಿಯವರು ಬಂಡೆ ಸೀಳುವ ರೀತಿಯೇ ಇಲ್ಲಿಗೂ ಒಳ್ಳೆಯದು. ಒಂದು ಸಾಲಿನಲ್ಲಿ ನಾಲ್ಕು ಇಂಚಿಗೊಂದರಂತೆ 16 ಎಂಎಂ ತೂತು, ನಾಲ್ಕು ಇಂಚು ಆಳ. ಪ್ರತಿ ತೂತಿಗೂ ಎರಡು ಕಬ್ಬಿಣದ ಪಕ್ಕೆ, ನಡುವೆ ಒಂದು ಬೆಣೆ. ಒಂದೊಂದು ಬೆಣೆಗೆ ಒಂದೊಂದೇ ಏಟು, ಸರದಿಯಲ್ಲಿ. ಬಿಗಿಯಾಗುತ್ತಾ ಹೋದಂತೆ ಟಣ್ ಟಣ್ ಅನ್ನುವ ಸದ್ದು ಏರುತ್ತದೆ. ಆಗ ಸ್ವಲ್ಪ ಹೊತ್ತು ಸುಮ್ಮನೆ ಕೂತು ಬೀಡಿ ಸೇದುವವರು ಸೇದಲಿ. ಕಾಂಕ್ರೀಟಿಗೂ ಸೀಳಲು ಸಮಯ ಬೇಕು. ಮತ್ತೆ ಒಂದು ಸುತ್ತು ಹೊಡೆದಾಗ ಸದ್ದು ಇದ್ದಕ್ಕಿದ್ದಂತೆ ಮಂಕಾದರೆ ಸೀಳಿತು ಅಂತ.

ತೂತಿನ ಸಾಲು ಚಪ್ಪಡಿಗೆ ಸಮಾನಾಂತರವಾಗಿರಲಿ, ಗಡ್ಡೆಯ ಹೊರ ಅಂಚಿನಿಂದ ಶುರು ಮಾಡಿ ಒಳಗೆ ಬನ್ನಿ. ಸೀಳಿದ ತುಂಡು ಸರಿಯಲು ಆಚೆ ಕಡೆ ಗುಂಡಿ ತೆರೆದಿರಲೇಬೇಕು. ಇಲ್ಲದಿದ್ದರೆ ಬೆಣೆಯ ಬಲವೆಲ್ಲ ಚಪ್ಪಡಿ ಮೇಲೆ ಹೋಗುತ್ತದೆ. ನೀರಲ್ಲಿ ಕಲಸಿ ತೂತಿಗೆ ತುಂಬುವ, ಉಬ್ಬಿ ಸೀಳುವ ಪುಡಿಗೂ ಇದೇ ಮಾತು. ಆ ಪುಡಿ ದೊಡ್ಡ ಬಂಡೆಗೆ ಸರಿ. ಒಂದಡಿ ಗಡ್ಡೆಗೆ ಬೇಕಿಲ್ಲ, ಮೇಲಾಗಿ ಕೆಲವು ಸಲ ತೂತಿಂದ ಸಿಡಿದು ಕಣ್ಣಿಗೆ ಬೀಳುತ್ತದೆ.

"ಕಂಬ ಕತ್ತರಿಸಿ ಗಡ್ಡೆ ಮೇಲೇ ಪೇವರ್ ಹಾಸಿದರೆ ಏನು ತೊಂದರೆ?"

ಎಷ್ಟೋ ಸಲ ಇದೇ ಸರಿಯಾದ ದಾರಿ, ಅದರಲ್ಲೂ ಗಡ್ಡೆ ಕಾಂಪೌಂಡ್ ಪಾಯಕ್ಕೆ ಅಂಟಿಕೊಂಡಿದ್ದರೆ. ಪಾಯದ ತಳಕ್ಕಿಂತ ಕೆಳಗೆ ಅಗೆಯುವುದಕ್ಕಿಂತ ಗಡ್ಡೆ ಅಲ್ಲೇ ಇರುವುದು ವಾಸಿ. ಆದರೆ ಗಡ್ಡೆಯ ತಲೆಯನ್ನು ಇಳಿಸಬೇಕು. ಬರೀ ಪೇವರ್ ಕೂರುವಷ್ಟು ಒಡೆದರೆ, ಸುತ್ತಲಿನ ಪೇವರ್ ವರ್ಷದಲ್ಲಿ ಒಂಚೂರು ತಗ್ಗುತ್ತದೆ, ಗಡ್ಡೆ ಮೇಲಿನದು ತಗ್ಗುವುದಿಲ್ಲ. ಅದು ಎದ್ದು ನಿಂತು ಕಾಲಿಗೆ ಎಡವುತ್ತದೆ, ಟಕಟಕ ಆಡುತ್ತದೆ. ಪೇವರ್ ಮೇಲ್ಮೈಯಿಂದ ಎಂಟು ಇಂಚು ಕೆಳಗಿನವರೆಗೆ ಒಡೆದು, ಜಲ್ಲಿ ಡಸ್ಟ್ ತುಂಬಿ ದಮ್ಮಸು ಮಾಡಿ. ಕಬ್ಬಿಣದ ತುದಿಯನ್ನೂ ಅಷ್ಟೇ ಕೆಳಗೆ ಕತ್ತರಿಸಿ.

"ಎಲ್ಲ ಸರಿಯಾಗಿ ಮಾಡಿದ್ವಿ. ಆದ್ರೂ ಒಂದು ಮಳೆಗಾಲ ಕಳೆದ ಮೇಲೆ ಅಂಚಿನ ಪೇವರ್ ಬಾಯಿ ಬಿಟ್ಟಿದೆ. ಎಲ್ಲಿ ತಪ್ಪಿತು?"

ಎರಡು ಕಡೆ ತಪ್ಪಿರಬಹುದು. ಮೊದಲನೆಯದು ಗುಂಡಿ ತುಂಬಿದ ರೀತಿ. ತೆಗೆದ ಮಣ್ಣನ್ನೇ ಒಮ್ಮೆಲೇ ಸುರಿದು ಮೇಲೆ ತುಳಿದರೆ ಒಳಗೆ ಟೊಳ್ಳು ಉಳಿಯುತ್ತದೆ. ಪೇವರ್ ಅಡಿ ಬರುವ ಭಾಗವನ್ನು ಮಣ್ಣಿನಿಂದ ತುಂಬಲೇಬಾರದು. 20 ಎಂಎಂ ಜಲ್ಲಿಗೆ ಡಸ್ಟ್ ಬೆರೆಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟು ಮಾತ್ರ ನೀರು ಹಾಕಿ, ನಾಲ್ಕೈದು ಇಂಚಿನ ಪದರವಾಗಿ ಹಾಕುತ್ತಾ ಪ್ರತಿ ಪದರಕ್ಕೂ ದಮ್ಮಸು ಹೊಡೆಯಬೇಕು. ದಮ್ಮಸಿನ ಸದ್ದು ಧಬ್ ಅನ್ನುವುದು ಹೋಗಿ ಟಕ್ ಅಂದಾಗ ಮುಂದಿನ ಪದರ. ನಮ್ಮ ಮನೆಯ ಆ ಒಂದು ಗುಂಡಿಗೆ ಸಿಮೆಂಟ್ ಚೀಲದಲ್ಲಿ ಐದು ಚೀಲ ಹಿಡಿಯಿತು. ಒಂದು ಚೀಲ ಅಂದರೆ ಒಂದೂಕಾಲು ಘನ ಅಡಿ. ತುಂಬಿದ ಮೇಲೆ ಒಂದೂಕಾಲು ಇಂಚು ಎಂ-ಸ್ಯಾಂಡ್ ಹರಡಿ, ಪೇವರ್ ಅನ್ನು ನಂಬರ್ ಪ್ರಕಾರ ಕೂರಿಸಿದೆವು. ಹಳೇ ಪೇವರ್‌ಗಿಂತ ಕಾಲು ಇಂಚು ಎತ್ತರಕ್ಕೆ ಕೂರಿಸಿ, ಮೇಲೆ ಹಲಗೆ ಇಟ್ಟು ಕುಟ್ಟಿ ಸಮ ಮಾಡಬೇಕು. ಸಂದಿಗೆ ಒಣ ನಯ ಮರಳು ಗುಡಿಸಿ ತುಂಬಿ. ವಾರ ಬಿಟ್ಟು ಇನ್ನೊಂದು ಸಲ ತುಂಬಿ.

ಎರಡನೆಯದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಅಷ್ಟು ವರ್ಷ ನಿಮ್ಮ ಪೇವರ್ ಅಂಚನ್ನು ಹಿಡಿದು ನಿಲ್ಲಿಸಿದ್ದು ಆ ಗಡ್ಡೆಗಳೇ. ಬೇಲಿ ಸಾಲಿನ ಗಡ್ಡೆಗಳೆಲ್ಲ ಹೋದ ಮೇಲೆ ಪೇವರ್‌ಗೆ ಆ ಕಡೆ ಆಸರೆ ಇಲ್ಲ. ವಾಹನ ತಿರುಗಿದಾಗಲೆಲ್ಲ ಕೂದಲೆಳೆ ಆಚೆಗೆ ಸರಿದು ಸಂದಿ ಬಾಯಿ ಬಿಡುತ್ತದೆ. ಪರೀಕ್ಷೆ ಸುಲಭ. ಅಂಚಿಗೆ ಉದ್ದಕ್ಕೂ ದಾರ ಹಿಡಿಯಿರಿ. ಕಂಬ ಇದ್ದ ಜಾಗಗಳಲ್ಲಿ ಪೇವರ್ ದಾರದಿಂದ ಹೊರಗೆ ಉಬ್ಬಿದ್ದರೆ ಕಾರಣ ಇದೇ. ತಗ್ಗು ಬಿದ್ದಿದ್ದರೆ ಕಾರಣ ಮೊದಲನೆಯದು.

ಉಬ್ಬಿದ್ದರೆ ಅಂಚಿನ ಎರಡು ಸಾಲು ಬಿಚ್ಚಿ ದಾರಕ್ಕೆ ಸರಿಯಾಗಿ ಮತ್ತೆ ಕೂರಿಸಿ. ಹೊರಗಡೆ ನಾಲ್ಕು ಇಂಚು ಅಗಲದ ಕಾಂಕ್ರೀಟ್ ಪಟ್ಟಿಯನ್ನು ಪೇವರ್‌ನ ಅರ್ಧ ಎತ್ತರದವರೆಗೆ ಒತ್ತಿ ಹಾಕಿ, ಅಥವಾ ಕರ್ಬ್ ಕಲ್ಲು ನಿಲ್ಲಿಸಿ. ಕಾಂಕ್ರೀಟ್ ಪಟ್ಟಿ ಮೇಲ್ಮೈವರೆಗೆ ಬರುವುದು ಬೇಡ. ಅದರ ಮೇಲೆ ಮಣ್ಣು ಮುಚ್ಚಿದರೆ ಹುಲ್ಲು ಬೆಳೆಯುತ್ತದೆ, ಪಟ್ಟಿ ಇದೆ ಅಂತಲೇ ಗೊತ್ತಾಗುವುದಿಲ್ಲ. ಒಂದು ವಾರ ದಿನಕ್ಕೆರಡು ಸಲ ನೀರು ಹಾಕಿ. ಅಷ್ಟು ದಿನ ಆ ಅಂಚಿಗೆ ಗಾಡಿ ಹತ್ತಿಸಬೇಡಿ.